ಎಷ್ಟಕ್ಕೆ ಎಷ್ಟು? ಪಿಯು ಅಂಕ, ಸಿಇಟಿ ಅಂಕ ಸೇರಿಸುವ ಲೆಕ್ಕ

ಒಬ್ಬ ಹುಡುಗಿ, ಒಬ್ಬ ಹುಡುಗ. ಇಬ್ಬರೂ ಎಂಜಿನಿಯರಿಂಗ್ ಸೀಟಿಗೆ ಸಿಇಟಿ ಬರೆದಿದ್ದಾರೆ ಎಂದುಕೊಳ್ಳಿ. ದ್ವಿತೀಯ ಪಿಯುನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರೂ ಸೇರಿ ಹುಡುಗಿಗೆ 300ಕ್ಕೆ 285 ಬಂದಿದೆ. ಹುಡುಗನಿಗೆ 255. ಸಿಇಟಿಯಲ್ಲಿ ಇದೇ ಮೂರು ವಿಷಯ ಸೇರಿ ಹುಡುಗಿಗೆ 180ಕ್ಕೆ 90, ಹುಡುಗನಿಗೆ 117. ಇವರಲ್ಲಿ ಯಾರು ಮುಂದೆ?

ಸುಮ್ನೆ ಕೂಡಿದರೆ ಹುಡುಗಿಗೆ 375, ಹುಡುಗನಿಗೆ 372. ಒಟ್ಟು 480ಕ್ಕೆ. ಹುಡುಗಿ ಮೂರು ಅಂಕ ಮುಂದಿದ್ದಾಳೆ. ಆದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಎಂಜಿನಿಯರಿಂಗ್ ರ‍್ಯಾಂಕ್ ಕೊಡುವಾಗ ಹೀಗೆ ಕೂಡುವುದಿಲ್ಲ. ಪಿಯು ಅಂಕಕ್ಕೆ ಅರ್ಧ, ಸಿಇಟಿ ಅಂಕಕ್ಕೆ ಅರ್ಧ ಎಂಬುದು ಅಲ್ಲಿನ ನಿಯಮ. ಆ ಪ್ರಕಾರ ಲೆಕ್ಕ ಹಾಕಿದರೆ ಹುಡುಗ ಮುಂದೆ ಹೋಗುತ್ತಾನೆ. ಅದು ಹೇಗೆ ಎಂದು ಒಂದೊಂದೇ ಹೆಜ್ಜೆ ನೋಡೋಣ.

ಮೊದಲು ಎರಡನ್ನೂ ಒಂದೇ ಅಳತೆಗೆ ತರಬೇಕು. ಬಂದ ಅಂಕವನ್ನು ಆ ಪರೀಕ್ಷೆಯ ಗರಿಷ್ಠ ಅಂಕದಿಂದ ಭಾಗಿಸಿ, ಆ ಪರೀಕ್ಷೆಗೆ ಕೊಟ್ಟಿರುವ ವೇಟೇಜ್‌ನಿಂದ ಗುಣಿಸಬೇಕು. ಹುಡುಗಿಯ ಪಿಯು ಅಂಕ 285ನ್ನು 300ರಿಂದ ಭಾಗಿಸಿ 50ರಿಂದ ಗುಣಿಸಿದರೆ 47.5. ಸಿಇಟಿಯ 90ನ್ನು 180ರಿಂದ ಭಾಗಿಸಿ 50ರಿಂದ ಗುಣಿಸಿದರೆ 25. ಒಟ್ಟು 100ಕ್ಕೆ 72.5. ಹುಡುಗನಿಗೆ ಪಿಯುನಿಂದ 42.5, ಸಿಇಟಿಯಿಂದ 32.5, ಒಟ್ಟು 75. ಈಗ ಅವನು ಎರಡೂವರೆ ಅಂಕ ಮುಂದಿದ್ದಾನೆ. ಎಕ್ಸೆಲ್‌ನಲ್ಲಿ ಪಿಯು ಅಂಕ B ಕಾಲಂನಲ್ಲಿ, ಸಿಇಟಿ ಅಂಕ C ಕಾಲಂನಲ್ಲಿ ಇದ್ದರೆ ಸೂತ್ರ ಇಷ್ಟೇ:

```
=B2/300*50 + C2/180*50
```

ಇಬ್ಬರ ಉತ್ತರಪತ್ರಿಕೆಯೂ ಬದಲಾಗಿಲ್ಲ, ಆದರೂ ಕ್ರಮ ತಿರುಗಿತು. ಇದಕ್ಕೆ ಕಾರಣ ಗೊತ್ತಾಗಬೇಕಾದರೆ ಸುಮ್ನೆ ಕೂಡಿದಾಗ ಏನಾಗಿತ್ತು ಎಂದು ನೋಡಬೇಕು. 480ರಲ್ಲಿ ಪಿಯು ಪಾಲು 300, ಅಂದರೆ 62.5 ಶೇಕಡ. ಸಿಇಟಿ ಪಾಲು ಬರೀ 37.5 ಶೇಕಡ. ಯಾರೂ ಕೂತು ಹೀಗೆ ತೀರ್ಮಾನ ಮಾಡಿರಲಿಲ್ಲ. ಒಂದು ಪರೀಕ್ಷೆ ವಿಷಯಕ್ಕೆ ನೂರರಂತೆ, ಇನ್ನೊಂದು ಅರವತ್ತರಂತೆ ನಡೆಯುತ್ತದೆ ಎಂಬ ಒಂದೇ ಕಾರಣಕ್ಕೆ ಪಿಯುಗೆ ಜಾಸ್ತಿ ತೂಕ ಬಂದುಬಿಟ್ಟಿತ್ತು. ಕೂಡುವವರು ವೇಟೇಜ್ ಎಷ್ಟು ಎಂದು ಹೇಳದಿದ್ದರೆ ಗರಿಷ್ಠ ಅಂಕವೇ ವೇಟೇಜ್ ಆಗುತ್ತದೆ.

ಒಂದೊಂದು ಅಂಕದ ಬೆಲೆ ಲೆಕ್ಕ ಹಾಕಿದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಪಿಯುನ ಒಂದು ಅಂಕ ಅಂತಿಮ ಲೆಕ್ಕದಲ್ಲಿ 50/300, ಅಂದರೆ ಸುಮಾರು 0.17. ಸಿಇಟಿಯ ಒಂದು ಅಂಕ 50/180, ಅಂದರೆ ಸುಮಾರು 0.28. ಸಿಇಟಿಯಲ್ಲಿ ಮೂರು ಪ್ರಶ್ನೆ ಸರಿ ಮಾಡುವುದೂ ಪಿಯುನಲ್ಲಿ ಐದು ಅಂಕ ಜಾಸ್ತಿ ತೆಗೆಯುವುದೂ ಒಂದೇ. ನಮ್ಮ ಹುಡುಗ ಪಿಯುನಲ್ಲಿ 30 ಅಂಕ ಹಿಂದಿದ್ದ, ಅದರಿಂದ 5 ಕಳೆದುಕೊಂಡ. ಸಿಇಟಿಯಲ್ಲಿ 27 ಅಂಕ ಮುಂದಿದ್ದ, ಅದರಿಂದ 7.5 ಗಳಿಸಿದ. ಉಳಿದದ್ದೇ ಆ ಎರಡೂವರೆ.

ಹಾಗಂತ ಸುಮ್ನೆ ಕೂಡುವುದು ಯಾವಾಗಲೂ ತಪ್ಪು ಎಂದಲ್ಲ. ನಮ್ಮ ಎಸ್‌ಎಸ್‌ಎಲ್‌ಸಿಯನ್ನೇ ನೋಡಿ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ನೂರರಂತೆ, ಒಟ್ಟು 625. ಅಲ್ಲಿ ಅಂಕಗಳನ್ನು ನೇರವಾಗಿ ಕೂಡಿ 625ರಿಂದ ಭಾಗಿಸುತ್ತಾರೆ. ಹೀಗಾಗಿ ಪ್ರಥಮ ಭಾಷೆಯ ಪಾಲು 20 ಶೇಕಡ, ಬೇರೆ ಪ್ರತಿ ವಿಷಯದ್ದು 16 ಶೇಕಡ. ಪ್ರಥಮ ಭಾಷೆಗೆ ಜಾಸ್ತಿ ತೂಕ ಇರಲಿ ಎಂದೇ ಅದಕ್ಕೆ 125 ಇಟ್ಟಿರುವುದರಿಂದ ಈ ಲೆಕ್ಕ ಸರಿ. ಅದೇ ಆರು ವಿಷಯದ ಶೇಕಡವನ್ನು ಬೇರೆ ಬೇರೆ ಮಾಡಿ ಸರಾಸರಿ ತೆಗೆದರೆ ಎಲ್ಲಕ್ಕೂ ಸಮ ತೂಕ ಬಂದು, ಅಂಕಪಟ್ಟಿಯಲ್ಲಿರುವ ಶೇಕಡಕ್ಕಿಂತ ಬೇರೆಯದೇ ಸಂಖ್ಯೆ ಬರುತ್ತದೆ. ಗರಿಷ್ಠ ಅಂಕಗಳು ನಮಗೆ ಬೇಕಾದ ತೂಕವನ್ನೇ ಹೇಳುತ್ತಿದ್ದರೆ ನೇರವಾಗಿ ಕೂಡಬಹುದು. ಪಿಯು ಮತ್ತು ಸಿಇಟಿ ವಿಚಾರದಲ್ಲಿ ಅವು ಹಾಗೆ ಹೇಳುವುದಿಲ್ಲ.

ಭಾಗಾಕಾರ ಸುಲಭ. ತಲೆನೋವು ಬರುವುದು ಯಾವ ಸಂಖ್ಯೆಯಿಂದ ಭಾಗಿಸಬೇಕು ಎಂಬಲ್ಲಿ. 2024ರ ಸಿಇಟಿಯಲ್ಲಿ ಇದು ನಿಜವಾಗಿಯೂ ಎದುರಾಯಿತು. ಆ ವರ್ಷದ ಪ್ರಶ್ನೆಪತ್ರಿಕೆಗಳಲ್ಲಿ ಪಠ್ಯಕ್ರಮದಿಂದ ಕೈಬಿಟ್ಟ ಭಾಗದ ಪ್ರಶ್ನೆಗಳಿದ್ದವು. ದೊಡ್ಡ ಗಲಾಟೆಯಾಯಿತು. ಕೊನೆಗೆ ನಾಲ್ಕು ವಿಷಯ ಸೇರಿ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಬಿಡಲಾಯಿತು. ಫಿಸಿಕ್ಸ್‌ನಲ್ಲಿ 9, ಕೆಮಿಸ್ಟ್ರಿಯಲ್ಲಿ 15, ಮ್ಯಾಥ್ಸ್‌ನಲ್ಲಿ 15, ಬಯಾಲಜಿಯಲ್ಲಿ 11. ಅರವತ್ತರ ಫಿಸಿಕ್ಸ್ ಪತ್ರಿಕೆ 51ರದ್ದಾಯಿತು. ಕೆಮಿಸ್ಟ್ರಿ, ಮ್ಯಾಥ್ಸ್ ತಲಾ 45ರದ್ದಾದವು. ಎಂಜಿನಿಯರಿಂಗ್‌ಗೆ ಬೇಕಾದ ಮೂರು ವಿಷಯದ ಒಟ್ಟು ಅಂಕ 180ರಿಂದ 141ಕ್ಕೆ ಇಳಿಯಿತು.

ಈಗ ಯಾರಾದರೂ ಹಳೆಯ ಸೂತ್ರದಲ್ಲಿ 180ನ್ನು ಹಾಗೇ ಬಿಟ್ಟರೆ ಏನಾಗುತ್ತದೆ? ಉಳಿದ ಎಲ್ಲ ಪ್ರಶ್ನೆಗೂ ಸರಿ ಉತ್ತರ ಬರೆದವರಿಗೂ 141/180 ಗುಣಿಸು 50, ಅಂದರೆ 39.17 ಮಾತ್ರ ಸಿಗುತ್ತದೆ. ಎಲ್ಲರಿಗೂ ಕಡಿಮೆಯಾದರೆ ರ‍್ಯಾಂಕ್ ಹೇಗೆ ಬದಲಾಗುತ್ತದೆ ಎಂದು ಅನ್ನಿಸಬಹುದು. ಬದಲಾಗುತ್ತದೆ. ಪಿಯು ಭಾಗ ಪೂರ್ತಿ 50ಕ್ಕೇ ನಿಂತಿದೆ, ಸಿಇಟಿ ಭಾಗ 39ಕ್ಕೆ ಕುಗ್ಗಿದೆ. ಅರ್ಧ ಅರ್ಧ ಇದ್ದ ತೂಕ ಹೆಚ್ಚುಕಡಿಮೆ 56ಕ್ಕೆ 44 ಆಗಿರುತ್ತದೆ. ಪಿಯುನಲ್ಲಿ ಚೆನ್ನಾಗಿ ತೆಗೆದವರು ಕೂತಲ್ಲೇ ಮುಂದೆ ಬರುತ್ತಾರೆ, ಸಿಇಟಿ ಚೆನ್ನಾಗಿ ಬರೆದವರು ಹಿಂದೆ ಸರಿಯುತ್ತಾರೆ. ಆದ್ದರಿಂದ ಪ್ರಶ್ನೆ ಬಿಟ್ಟಾಗ ಭಾಗಿಸುವ ಸಂಖ್ಯೆಯೂ 141 ಆಗಲೇಬೇಕು.

ಅದೇ ಪ್ರಕರಣದಿಂದ ಇನ್ನೊಂದು ಸೂಕ್ಷ್ಮವೂ ಹೊರಬೀಳುತ್ತದೆ. ಇದನ್ನು ಹಲವರು ಗಮನಿಸುವುದಿಲ್ಲ. ಮೂರು ವಿಷಯದ ಅಂಕ ಮೊದಲು ಕೂಡಿ ಆಮೇಲೆ 141ರಿಂದ ಭಾಗಿಸುವುದೋ, ಇಲ್ಲ ಒಂದೊಂದು ವಿಷಯವನ್ನೂ ಬೇರೆ ಬೇರೆ ನೂರಕ್ಕೆ ತಂದು ಆಮೇಲೆ ಸರಾಸರಿ ತೆಗೆಯುವುದೋ? ಮೂರೂ ಪತ್ರಿಕೆ 60ರದ್ದೇ ಆಗಿದ್ದಾಗ ಎರಡರಿಂದಲೂ ಒಂದೇ ಉತ್ತರ ಬರುತ್ತದೆ. ಹಾಗಾಗಿ ಯಾರೂ ಈ ಪ್ರಶ್ನೆ ಕೇಳಬೇಕಾಗಿರಲಿಲ್ಲ. 51, 45, 45 ಆದಾಗ ಉತ್ತರ ಬೇರೆಯಾಗುತ್ತದೆ.

ಲೆಕ್ಕ ಮಾಡಿ ನೋಡೋಣ. ಫಿಸಿಕ್ಸ್‌ನಲ್ಲಿ ಗಟ್ಟಿಯಾಗಿರುವ ಒಬ್ಬಳಿಗೆ ಫಿಸಿಕ್ಸ್ 48, ಕೆಮಿಸ್ಟ್ರಿ 30, ಮ್ಯಾಥ್ಸ್ 33 ಬಂದಿದೆ. ಮ್ಯಾಥ್ಸ್‌ನಲ್ಲಿ ಗಟ್ಟಿಯಾಗಿರುವ ಇನ್ನೊಬ್ಬಳಿಗೆ ಫಿಸಿಕ್ಸ್ 33, ಕೆಮಿಸ್ಟ್ರಿ 36, ಮ್ಯಾಥ್ಸ್ 42. ಇಬ್ಬರ ಮೊತ್ತವೂ 111. ಕೂಡಿ ಭಾಗಿಸಿದರೆ ಇಬ್ಬರಿಗೂ 78.72 ಶೇಕಡ, ಸರಿಸಮ. ಆದರೆ ವಿಷಯವಾರು ಶೇಕಡ ಮಾಡಿದರೆ ಮೊದಲನೆಯವಳಿಗೆ 94.12, 66.67, 73.33 ಬಂದು ಸರಾಸರಿ 78.04. ಎರಡನೆಯವಳಿಗೆ 64.71, 80, 93.33 ಬಂದು ಸರಾಸರಿ 79.35. ಇಬ್ಬರ ನಡುವೆ 1.3 ಅಂಕದ ಅಂತರ ಬಂತು. ಅರ್ಧ ವೇಟೇಜ್ ಹಾಕಿದ ಮೇಲೂ 0.65 ಉಳಿಯುತ್ತದೆ. ಪಟ್ಟಿಯ ನಡುಭಾಗದಲ್ಲಿ ಅಭ್ಯರ್ಥಿಗಳು ಒತ್ತೊತ್ತಾಗಿ ನಿಂತಿರುತ್ತಾರೆ. ಅಲ್ಲಿ ಇಷ್ಟು ವ್ಯತ್ಯಾಸಕ್ಕೆ ಬಹಳಷ್ಟು ರ‍್ಯಾಂಕ್ ಹಿಂದೆ ಮುಂದೆ ಆಗಬಹುದು.

ಎರಡರಲ್ಲಿ ಯಾವುದು ಸರಿ? ವಿಷಯಗಳಿಗೆ ಸಮ ತೂಕ ಇರಬೇಕು ಎಂಬುದು ಉದ್ದೇಶವಾದರೆ ವಿಷಯವಾರು ಮಾಡುವುದು ಸರಿ. ಪ್ರತಿ ಪ್ರಶ್ನೆಗೂ ಸಮ ಬೆಲೆ ಇರಬೇಕು ಎಂದಾದರೆ ಕೂಡಿ ಭಾಗಿಸುವುದು ಸರಿ. ನನಗೆ ವಿಷಯವಾರು ಮಾಡುವುದೇ ಹೆಚ್ಚು ನ್ಯಾಯ ಅನ್ನಿಸುತ್ತದೆ. ಫಿಸಿಕ್ಸ್ ಪತ್ರಿಕೆ ತಯಾರಿಸಿದವರು ಕಡಿಮೆ ಪ್ರಶ್ನೆಗಳಲ್ಲಿ ಎಡವಿದರು ಎಂಬ ಕಾರಣಕ್ಕೆ ಫಿಸಿಕ್ಸ್‌ಗೆ ಜಾಸ್ತಿ ತೂಕ ಬರುವುದರಲ್ಲಿ ಅರ್ಥವಿಲ್ಲ. ಯಾವ ದಾರಿ ಹಿಡಿದರೂ ಅದನ್ನು ಅಂಕ ನೋಡುವುದಕ್ಕೆ ಮೊದಲೇ ತೀರ್ಮಾನಿಸಿ ಹೇಳಿರಬೇಕು. ಅಂಕ ಕಣ್ಣೆದುರು ಇಟ್ಟುಕೊಂಡು ವಿಧಾನ ಆರಿಸಿದರೆ ಯಾರಿಗೋ ಅನುಕೂಲ ಮಾಡಿಕೊಟ್ಟಂತೆ ಆಗುತ್ತದೆ.

ರೌಂಡ್ ಮಾಡುವ ಬಗ್ಗೆ ಚಿಕ್ಕ ಮಾತು. ಸಿಇಟಿಯಲ್ಲಿ 180ಕ್ಕೆ 101 ಬಂದವರಿಗೆ ಪರಿವರ್ತನೆಯಾದ ಮೇಲೆ 28.06, 102 ಬಂದವರಿಗೆ 28.33. ಇಲ್ಲೇ ರೌಂಡ್ ಮಾಡಿಬಿಟ್ಟರೆ ಇಬ್ಬರಿಗೂ 28. ಒಂದು ಪ್ರಶ್ನೆ ಸರಿ ಮಾಡಿದ್ದು ನೀರಿನಲ್ಲಿ ಹೋಯಿತು. 103 ಬಂದವರಿಗೆ 28.61, ಅದು 29 ಆಗುತ್ತದೆ, ಅಂದರೆ ಒಂದೇ ಪ್ರಶ್ನೆಗೆ ಪೂರ್ತಿ ಒಂದು ಅಂಕ ಜಿಗಿದಂತಾಯಿತು. ದಶಮಾಂಶಗಳನ್ನು ಕೊನೆಯವರೆಗೂ ಹಾಗೇ ಇಟ್ಟುಕೊಂಡು, ಮೊತ್ತ ಬಂದ ಮೇಲೆ ತೋರಿಸಲು ಮಾತ್ರ ರೌಂಡ್ ಮಾಡಬೇಕು.

ಇಲ್ಲಿವರೆಗೆ ಮಾಡಿದ್ದರಿಂದ ಗರಿಷ್ಠ ಅಂಕದ ವ್ಯತ್ಯಾಸ ಹೋಯಿತು. ಆದರೆ ಗರಿಷ್ಠ ಅಂಕ ಒಂದೇ ಆದ ಮಾತ್ರಕ್ಕೆ ಎರಡು ಪರೀಕ್ಷೆಗಳು ಸಮ ಆಗುವುದಿಲ್ಲ. ಈ ವಿಷಯದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವುದು ಇದೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಒಂದು ಒಳ್ಳೆಯ ಕಾಲೇಜಿನ ತರಗತಿ ತೆಗೆದುಕೊಳ್ಳಿ. ಅಲ್ಲಿ ಪಿಯು ಅಂಕ ಸಾಮಾನ್ಯವಾಗಿ ಮೇಲ್ಗಡೆಯೇ ಗುಂಪುಗೂಡಿರುತ್ತದೆ. ಫಿಸಿಕ್ಸ್, ಕೆಮಿಸ್ಟ್ರಿಯ ನೂರರಲ್ಲಿ 30 ಪ್ರಾಕ್ಟಿಕಲ್‌ನದ್ದು. ಅದರಲ್ಲಿ ಬಹಳ ಮಂದಿಗೆ ಪೂರ್ತಿ ಅಥವಾ ಹತ್ತಿರ ಹತ್ತಿರ ಪೂರ್ತಿ ಬರುತ್ತದೆ. ಮ್ಯಾಥ್ಸ್‌ನಲ್ಲೂ ಈಗ 20 ಅಂಕ ಆಂತರಿಕ ಮೌಲ್ಯಮಾಪನದ್ದು. ಈ ತರಗತಿಯಲ್ಲಿ ಮೂರು ವಿಷಯದ ಮೊತ್ತ 270ರಿಂದ 297ರವರೆಗೆ ಇದೆ ಎಂದುಕೊಳ್ಳೋಣ. ಅತಿ ಮುಂದಿನವರಿಗೂ ಅತಿ ಹಿಂದಿನವರಿಗೂ 27 ಅಂಕದ ಅಂತರ. ಅಂತಿಮ ಲೆಕ್ಕದಲ್ಲಿ ಅದು ನಾಲ್ಕೂವರೆ. ಅದೇ ತರಗತಿಯ ಸಿಇಟಿ ಅಂಕ 60ರಿಂದ 150ರವರೆಗೆ ಹರಡಿದೆ. ಅಂತರ 90, ಅಂತಿಮ ಲೆಕ್ಕದಲ್ಲಿ 25.

ಕಾಗದದ ಮೇಲೆ ಎರಡಕ್ಕೂ 50 ಶೇಕಡ. ಆದರೆ ಈ ತರಗತಿಯಲ್ಲಿ ಯಾರು ಮುಂದೆ, ಯಾರು ಹಿಂದೆ ಎಂದು ತೀರ್ಮಾನಿಸುತ್ತಿರುವುದು ಬಹುಪಾಲು ಸಿಇಟಿ. ಪಿಯುನಲ್ಲಿ ಎಲ್ಲರಿಗಿಂತ ಜಾಸ್ತಿ ತೆಗೆದವರು ಅಲ್ಲಿ ಗಳಿಸಿದ ಪೂರ್ತಿ ಲಾಭವನ್ನು ಸಿಇಟಿಯಲ್ಲಿ 17 ಪ್ರಶ್ನೆ ಹಿಂದೆ ಬಿದ್ದರೆ ಕಳೆದುಕೊಳ್ಳುತ್ತಾರೆ. ಎಲ್ಲರಿಗೂ ಹತ್ತಿರ ಹತ್ತಿರ ಒಂದೇ ಅಂಕ ಕೊಡುವ ಪರೀಕ್ಷೆಗೆ ಎಷ್ಟು ವೇಟೇಜ್ ಕೊಟ್ಟರೂ ಅದು ಯಾರನ್ನೂ ಯಾರಿಂದಲೂ ಬೇರೆ ಮಾಡಲಾರದು. ತೂಕವನ್ನು ನಿಜವಾಗಿ ನಿರ್ಧರಿಸುವುದು ಅಂಕಗಳ ಹರವು.

ಸಿಇಟಿಯ ಸೊನ್ನೆಯೂ ಪಿಯುನ ಸೊನ್ನೆಯೂ ಒಂದೇ ಅಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಸಿಇಟಿಯಲ್ಲಿ ಪ್ರತಿ ಪ್ರಶ್ನೆಗೆ ನಾಲ್ಕು ಆಯ್ಕೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಏನೂ ಓದದೆ ಕಣ್ಣು ಮುಚ್ಚಿ ಗುರುತು ಹಾಕಿದರೂ 180ಕ್ಕೆ ಸರಾಸರಿ 45 ಬರುತ್ತದೆ. ಪಿಯುನ ಥಿಯರಿ ಪತ್ರಿಕೆಯಲ್ಲಿ ಪುಟಗಟ್ಟಲೆ ಬರೆಯಬೇಕಾದ ಪ್ರಶ್ನೆಗಳಿಗೆ ಹಾಗೆ ಬರುವುದಿಲ್ಲ. ಎರಡು ಪರೀಕ್ಷೆಯ 25 ಶೇಕಡಗಳಿಗೂ ಒಂದೇ ಅರ್ಥ ಎಂದು ಹೇಳಲಾಗುವುದಿಲ್ಲ, ಅಲ್ವಾ?

ಹರವನ್ನೂ ಸರಿಪಡಿಸುವ ದಾರಿಯೊಂದಿದೆ. ಅದನ್ನು ಜೆಡ್ ಸ್ಕೋರ್ ಎನ್ನುತ್ತಾರೆ. ಇಲ್ಲಿ ಗರಿಷ್ಠ ಅಂಕಕ್ಕೆ ಹೋಲಿಸುವುದಿಲ್ಲ, ಬರೆದವರ ಗುಂಪಿಗೆ ಹೋಲಿಸುತ್ತಾರೆ. ಅಭ್ಯರ್ಥಿಯ ಅಂಕ ಸರಾಸರಿಗಿಂತ ಎಷ್ಟು ಮೇಲಿದೆ ಎಂದು ನೋಡಿ, ಆ ವ್ಯತ್ಯಾಸವನ್ನು ಸ್ಟ್ಯಾಂಡರ್ಡ್ ಡೀವಿಯೇಷನ್‌ನಿಂದ ಭಾಗಿಸಬೇಕು. ಸ್ಟ್ಯಾಂಡರ್ಡ್ ಡೀವಿಯೇಷನ್ ಎಂದರೆ ಅಂಕಗಳು ಸರಾಸರಿಯ ಸುತ್ತ ಎಷ್ಟು ಹರಡಿವೆ ಎಂದು ಹೇಳುವ ಸಂಖ್ಯೆ. ಎಕ್ಸೆಲ್‌ನಲ್ಲಿ 200 ಜನರ ಅಂಕ ಇದ್ದರೆ ಹೀಗೆ:

```
=(B2-AVERAGE(B$2:B$201))/STDEV.P(B$2:B$201)
```

ಶುರುವಿನ ಹುಡುಗಿ ಮತ್ತು ಹುಡುಗನಿಗೆ ಇದನ್ನು ಹಾಕಿ ನೋಡೋಣ. ಅವರ ಗುಂಪಿನಲ್ಲಿ ಪಿಯು ಶೇಕಡದ ಸರಾಸರಿ 82, ಸ್ಟ್ಯಾಂಡರ್ಡ್ ಡೀವಿಯೇಷನ್ 6 ಎಂದಿರಲಿ. ಸಿಇಟಿ ಶೇಕಡದ ಸರಾಸರಿ 40, ಸ್ಟ್ಯಾಂಡರ್ಡ್ ಡೀವಿಯೇಷನ್ 12. ಇವು ಉದಾಹರಣೆಗೆ ತೆಗೆದುಕೊಂಡ ಸಂಖ್ಯೆಗಳು. ಹುಡುಗಿಯ ಪಿಯು 95, ಸರಾಸರಿಗಿಂತ 13 ಮೇಲೆ, 6ರಿಂದ ಭಾಗಿಸಿದರೆ 2.17. ಅವಳ ಸಿಇಟಿ 50, ಸರಾಸರಿಗಿಂತ 10 ಮೇಲೆ, 12ರಿಂದ ಭಾಗಿಸಿದರೆ 0.83. ಒಟ್ಟು 3. ಹುಡುಗನ ಪಿಯು 85, ಸರಾಸರಿಗಿಂತ ಮೂರೇ ಅಂಕ ಮೇಲೆ, ಅಂದರೆ 0.5. ಸಿಇಟಿ 65, ಸರಾಸರಿಗಿಂತ 25 ಮೇಲೆ, ಅಂದರೆ 2.08. ಒಟ್ಟು 2.58.

ಹುಡುಗಿ ಮತ್ತೆ ಮುಂದೆ ಬಂದಳು. ಸುಮ್ನೆ ಕೂಡಿದಾಗ ಅವಳು, ಶೇಕಡ ಮಾಡಿದಾಗ ಅವನು, ಹರವು ಸರಿಪಡಿಸಿದಾಗ ಪುನಃ ಅವಳು. ಮೊದಲ ಸಲ ಅವಳು ಮುಂದಿದ್ದದ್ದಕ್ಕೂ ಈಗ ಮುಂದಿರುವುದಕ್ಕೂ ಕಾರಣ ಬೇರೆ ಬೇರೆ. ಮೊದಲು ಪಿಯುನ ಗರಿಷ್ಠ ಅಂಕ ದೊಡ್ಡದು ಎಂಬುದಷ್ಟೇ ಕಾರಣ. ಈಗ ಕಾರಣ ಏನೆಂದರೆ, ಎಲ್ಲರೂ ಒತ್ತಾಗಿ ನಿಂತಿರುವ ಪರೀಕ್ಷೆಯಲ್ಲಿ ಅವಳು ಗುಂಪಿನಿಂದ ತುಂಬಾ ಮೇಲೆ ಹೋಗಿದ್ದಾಳೆ. ಅಲ್ಲಿ ಹತ್ತು ಶೇಕಡ ಮೇಲೆ ಹೋಗುವುದು, ಹರಡಿ ನಿಂತ ಸಿಇಟಿಯಲ್ಲಿ ಇಪ್ಪತ್ತು ಶೇಕಡ ಮೇಲೆ ಹೋದದ್ದಕ್ಕೆ ಸಮ.

3, 2.58 ಎಂಬ ಸಂಖ್ಯೆ ನೋಡಿದರೆ ಯಾರಿಗೂ ಅಂಕದಂತೆ ಕಾಣುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ ಜೆಡ್ ಸ್ಕೋರನ್ನು 10ರಿಂದ ಗುಣಿಸಿ 50 ಸೇರಿಸುತ್ತಾರೆ. ಆಗ ಹುಡುಗಿಗೆ ಪಿಯುನಲ್ಲಿ 71.7, ಸಿಇಟಿಯಲ್ಲಿ 58.3, ಸರಾಸರಿ 65. ಹುಡುಗನಿಗೆ 55 ಮತ್ತು 70.8, ಸರಾಸರಿ 62.9. ಕ್ರಮ ಬದಲಾಗುವುದಿಲ್ಲ, ಓದಲು ಸುಲಭ.

ಹಾಗಾದರೆ ಎಲ್ಲ ಕಡೆ ಇದನ್ನೇ ಬಳಸಬಹುದಲ್ಲ ಎಂದು ಕೇಳಬಹುದು. ತೊಂದರೆಗಳಿವೆ. ಮೊದಲನೆಯದು, ನಿಮ್ಮ ಅಂಕ ಬೇರೆಯವರ ಅಂಕದ ಮೇಲೆ ನಿಂತಿರುತ್ತದೆ. ಗುಂಪಿಗೆ ಇನ್ನಷ್ಟು ಜನ ಸೇರಿದರೆ ಸರಾಸರಿ ಬದಲಾಗಿ ನಿಮ್ಮ ಸ್ಕೋರೂ ಬದಲಾಗುತ್ತದೆ. ಶೇಕಡ ವಿಧಾನದಲ್ಲಿ ಹಾಗಿಲ್ಲ. ಎರಡು ಅಂಕಪಟ್ಟಿ ಕೈಯಲ್ಲಿದ್ದರೆ ಸಾಕು, ಹಳ್ಳಿಯ ಮನೆಯಲ್ಲಿ ಕೂತ ತಂದೆ ತಾಯಿಯೂ ಮಗಳ ಒಟ್ಟು ಅಂಕ ಪೆನ್ನಿನಲ್ಲಿ ಲೆಕ್ಕ ಹಾಕಿ ಪಟ್ಟಿಯಲ್ಲಿರುವುದರ ಜೊತೆ ತಾಳೆ ನೋಡಬಹುದು. ಸರ್ಕಾರಿ ಸೀಟು ಹಂಚುವ ಕಡೆ ಇದು ಸಣ್ಣ ಅನುಕೂಲವಲ್ಲ. ಎರಡನೆಯದು, ಗುಂಪು ಚಿಕ್ಕದಾದರೆ ಜೆಡ್ ಸ್ಕೋರ್ ನಂಬುವಂತಿಲ್ಲ. ಹನ್ನೆರಡು ಮಕ್ಕಳ ತರಗತಿಯಲ್ಲಿ ಒಬ್ಬನ ಅಂಕ ತೀರಾ ಕಡಿಮೆಯಾದರೆ ಸಾಕು, ಸರಾಸರಿಯೂ ಹರವೂ ಎರಡೂ ಅಲುಗಾಡುತ್ತವೆ. ಮೂರನೆಯದು, ಗುಂಪು ಯಾವುದು ಎಂಬ ಪ್ರಶ್ನೆ. ಪಿಯು ಸರಾಸರಿ ತೆಗೆಯುವಾಗ ಪಿಯು ಬರೆದ ಎಲ್ಲರನ್ನೂ ಸೇರಿಸಬೇಕೋ, ಸಿಇಟಿಯನ್ನೂ ಬರೆದವರನ್ನು ಮಾತ್ರವೋ? ಎರಡೂ ಪರೀಕ್ಷೆ ಬರೆದ ಅದೇ ಜನರ ಮೇಲೆ ಎರಡೂ ಸರಾಸರಿ ತೆಗೆದರೆ ಮಾತ್ರ ಹೋಲಿಕೆ ಸರಿಯಾಗುತ್ತದೆ.

ಒಂದೇ ಪಿಯು ಪರೀಕ್ಷೆ ಬರೆದವರೊಳಗೆ ಈ ಮಾತೆಲ್ಲ ಆಯಿತು. ಬೇರೆ ಬೇರೆ ಪರೀಕ್ಷೆಯಿಂದ ಬಂದವರನ್ನು ಒಂದೇ ಪಟ್ಟಿಗೆ ಹಾಕಿದಾಗ ನೂರಕ್ಕೆ ತರುವುದು ಇನ್ನೂ ಸಾಲದಾಗುತ್ತದೆ. 2021–22ರಲ್ಲಿ ನಮ್ಮಲ್ಲಿ ಆದದ್ದು ಇದೇ. ಕೊರೊನಾ ಕಾರಣಕ್ಕೆ 2021ರಲ್ಲಿ ದ್ವಿತೀಯ ಪಿಯು ಪರೀಕ್ಷೆ ನಡೆಯಲಿಲ್ಲ. ಎಸ್‌ಎಸ್‌ಎಲ್‌ಸಿ ಅಂಕದಿಂದ 45 ಶೇಕಡ, ಪ್ರಥಮ ಪಿಯುನಿಂದ 45 ಶೇಕಡ, ದ್ವಿತೀಯ ಪಿಯು ಆಂತರಿಕ ಮೌಲ್ಯಮಾಪನದಿಂದ 10 ಶೇಕಡ ತೆಗೆದುಕೊಂಡು ಅಂಕ ಕೊಟ್ಟರು. ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ 600ಕ್ಕೆ 600 ಬಂತು. ಆ ವರ್ಷದ ಸಿಇಟಿ ರ‍್ಯಾಂಕ್‌ಗೆ ಪಿಯು ಅಂಕ ಪರಿಗಣಿಸಲಿಲ್ಲ, ಬರೀ ಸಿಇಟಿ ಅಂಕ ತೆಗೆದುಕೊಂಡರು.

2022ರಲ್ಲಿ ಪರೀಕ್ಷೆ ಮತ್ತೆ ನಡೆಯಿತು, ಅರ್ಧ ಅರ್ಧ ನಿಯಮವೂ ವಾಪಸ್ ಬಂತು. ಆದರೆ 2021ರಲ್ಲಿ ಪಿಯು ಮುಗಿಸಿದ ಸಾವಿರಾರು ಮಂದಿ ಒಳ್ಳೆಯ ರ‍್ಯಾಂಕ್‌ಗಾಗಿ 2022ರ ಸಿಇಟಿಯನ್ನೂ ಬರೆದಿದ್ದರು. ಅವರ ಪಿಯು ಅಂಕ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದಾಗ ಅವರ ರ‍್ಯಾಂಕ್ ಕುಸಿಯಿತು. ಅವರು ಹೈಕೋರ್ಟ್‌ಗೆ ಹೋದರು. ಏಕಸದಸ್ಯ ಪೀಠ ವಿದ್ಯಾರ್ಥಿಗಳ ಪರವಾಗಿ ಆದೇಶ ಕೊಟ್ಟಿತು. ಆದರೆ 2021ರ ಅಂಕವನ್ನು ಪೂರ್ತಿ ತೆಗೆದುಕೊಂಡರೆ ಪರೀಕ್ಷೆ ಬರೆದೇ ಪಾಸಾದ 2022ರ ಮಕ್ಕಳು ಹಿಂದೆ ಬೀಳುತ್ತಿದ್ದರು. ವಿಷಯ ವಿಭಾಗೀಯ ಪೀಠಕ್ಕೆ ಹೋದ ಮೇಲೆ ಸಮಿತಿಯೊಂದು ಮಧ್ಯದ ದಾರಿ ಸೂಚಿಸಿತು. 2021ರವರ ಪಿಯು ಅಂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು, ಆದರೆ ಪ್ರತಿ ವಿಷಯದಲ್ಲಿ ಕೆಲವು ಅಂಕ ಕಡಿಮೆ ಮಾಡಿ ತೆಗೆದುಕೊಳ್ಳುವುದು. ಕೋರ್ಟ್ ಅದನ್ನು ಒಪ್ಪಿತು.

ಎರಡೂ ವರ್ಷದ ಪಿಯು ಅಂಕ 300ಕ್ಕೇ ಇತ್ತು. ಎರಡನ್ನೂ ಶೇಕಡ ಮಾಡಿದರೆ ಮೇಲ್ನೋಟಕ್ಕೆ ಒಂದೇ ಅಳತೆ. ಆದರೆ ಒಂದು ವರ್ಷದ ಅಂಕ ಪೂರ್ತಿಯಾಗಿ ಮೇಲಕ್ಕೆ ಸರಿದಿತ್ತು. ಸರಾಸರಿ ಅಷ್ಟೇ ಸರಿದಿದ್ದರೆ ನಿಗದಿತ ಅಂಕ ಕಳೆಯುವುದು ಸಾಕಾಗುತ್ತದೆ. ಹರವೂ ಬದಲಾಗಿದ್ದರೆ ಸಾಕಾಗುವುದಿಲ್ಲ. ನೂರಕ್ಕೆ ನೂರು ಬಂದವರು ಸಾಲುಗಟ್ಟಿ ನಿಂತಿರುವಾಗ ಎಲ್ಲರಿಂದ ಐದೈದು ಅಂಕ ಕಳೆದರೆ 95ರಲ್ಲಿ ಅದೇ ಸಾಲು ನಿಂತಿರುತ್ತದೆ. ಅವರೊಳಗೆ ಯಾರು ಹೆಚ್ಚು ಎಂಬುದು ಯಾವ ಸೂತ್ರದಿಂದಲೂ ಹೊರಬರುವುದಿಲ್ಲ, ಯಾಕೆಂದರೆ ಆ ಮಾಹಿತಿಯೇ ಅಂಕದಲ್ಲಿ ಇಲ್ಲ. ಇದ್ದ ಪರಿಸ್ಥಿತಿಯಲ್ಲಿ ಅದು ಒಪ್ಪಬಹುದಾದ ಪರಿಹಾರವೇ ಆಗಿತ್ತು ಎಂದು ನನ್ನ ಅಭಿಪ್ರಾಯ. ಎರಡು ಕಡೆಯ ಮಕ್ಕಳೂ ತಮ್ಮ ತಪ್ಪಿಲ್ಲದೆ ಸಿಕ್ಕಿಹಾಕಿಕೊಂಡಿದ್ದರು.

ದೇಶದ ಮಟ್ಟದಲ್ಲಿ ಇದೇ ತೊಡಕಿಗೆ ಪರ್ಸೆಂಟೈಲ್ ಬಳಸಿ ನೋಡಿದ್ದಾರೆ. 2013ರಿಂದ 2016ರವರೆಗೆ ಜೆಇಇ ಮೇನ್ ರ‍್ಯಾಂಕ್‌ನಲ್ಲಿ 12ನೇ ತರಗತಿ ಬೋರ್ಡ್ ಅಂಕಕ್ಕೆ 40 ಶೇಕಡ ವೇಟೇಜ್ ಇತ್ತು. ಬೋರ್ಡ್‌ಗಳು ಹತ್ತಾರು, ಒಂದೊಂದೂ ಅಂಕ ಕೊಡುವ ರೀತಿ ಬೇರೆ. ಹಾಗಾಗಿ ಅಭ್ಯರ್ಥಿ ತನ್ನ ಬೋರ್ಡ್‌ನಲ್ಲಿ ಎಷ್ಟು ಶೇಕಡ ಜನರಿಗಿಂತ ಮುಂದಿದ್ದಾನೆ ಎಂದು ಮೊದಲು ನೋಡಿ, ಆ ಸ್ಥಾನಕ್ಕೆ ಸರಿಹೊಂದುವ ಜೆಇಇ ಅಂಕವನ್ನು ಅವನ ಬೋರ್ಡ್ ಅಂಕದ ಜಾಗದಲ್ಲಿ ಇಡುತ್ತಿದ್ದರು. ಒಂದು ಬೋರ್ಡ್ ಧಾರಾಳವಾಗಿ ಅಂಕ ಕೊಟ್ಟರೂ ಸ್ಥಾನ ಬದಲಾಗುವುದಿಲ್ಲ ಎಂಬುದು ಇದರ ಬಲ. ಎಲ್ಲ ಬೋರ್ಡ್‌ನ ಮಕ್ಕಳೂ ಒಟ್ಟಾರೆ ಒಂದೇ ಮಟ್ಟದವರು ಎಂದು ಅರ್ಧಂಬರ್ಧ ಒಪ್ಪಿಕೊಂಡಂತೆ ಆಗುವುದು ಇದರ ದೌರ್ಬಲ್ಯ. 2017ರಿಂದ ಬೋರ್ಡ್ ಅಂಕವನ್ನು ರ‍್ಯಾಂಕ್ ಲೆಕ್ಕದಿಂದಲೇ ತೆಗೆದರು.

ಶಾಲೆ ಕಾಲೇಜಿನಲ್ಲಿ ಕಿರುಪರೀಕ್ಷೆ, ಅರ್ಧವಾರ್ಷಿಕ, ಪ್ರಾಜೆಕ್ಟ್ ಎಲ್ಲ ಸೇರಿಸಿ ಪಟ್ಟಿ ಮಾಡುವವರಿಗೆ ಶೇಕಡ ವಿಧಾನವೇ ಸಾಕು. ಆದರೆ ಎಕ್ಸೆಲ್ ಹಾಳೆ ಕೊಡುವ ಮೊದಲು ಅದನ್ನು ಒಮ್ಮೆ ತಪಾಸಣೆ ಮಾಡಬೇಕು. ಒಂದು ಸಾಲಿನಲ್ಲಿ ಎಲ್ಲ ಪತ್ರಿಕೆಗೂ ಗರಿಷ್ಠ ಅಂಕವನ್ನೇ ಹಾಕಿ ನೋಡಿ. ಉತ್ತರ ಸರಿಯಾಗಿ 100 ಬರಬೇಕು. 96 ಬಂದರೆ ಎಲ್ಲೋ ಭಾಗಿಸುವ ಸಂಖ್ಯೆ ತಪ್ಪಿದೆ, ಇಲ್ಲ ವೇಟೇಜ್‌ಗಳ ಮೊತ್ತ ನೂರಾಗಿಲ್ಲ. ಪ್ರತಿ ಕಾಲಂನ ಅತಿ ಹೆಚ್ಚು ಅಂಕ ಗರಿಷ್ಠವನ್ನು ದಾಟಿದೆಯೇ ಎಂದೂ ನೋಡಿ. 25ರ ಕಿರುಪರೀಕ್ಷೆಯ ಕಾಲಂನಲ್ಲಿ 31 ಕಂಡರೆ ಯಾರೋ ಬೇರೆ ಪತ್ರಿಕೆಯ ಅಂಕ ಅಲ್ಲಿ ತುಂಬಿದ್ದಾರೆ. ತಿರುಗಾಮುರುಗಾ ಆದರೆ ಮಾತ್ರ ಕಂಡುಹಿಡಿಯುವುದು ಕಷ್ಟ. 40ರ ಪತ್ರಿಕೆಯ ಕಾಲಂನಲ್ಲಿ 25ರ ಪತ್ರಿಕೆಯ ಅಂಕ ತುಂಬಿದ್ದರೆ ಯಾವ ಅಂಕವೂ ಗರಿಷ್ಠ ದಾಟುವುದಿಲ್ಲ. ಇಡೀ ತರಗತಿಯ ಸರಾಸರಿ ಆ ಒಂದು ಕಾಲಂನಲ್ಲಿ ಕುಸಿದಿರುವುದೊಂದೇ ಸುಳಿವು.

ಇನ್ನು ಗೈರುಹಾಜರಿ. ಕೋಶವನ್ನು ಖಾಲಿ ಬಿಟ್ಟರೆ `=B2/25*20` ಎಂಬ ಸೂತ್ರ ಅದನ್ನು ಸೊನ್ನೆ ಎಂದೇ ಓದುತ್ತದೆ. ಜ್ವರ ಬಂದು ಪರೀಕ್ಷೆ ತಪ್ಪಿಸಿಕೊಂಡ ಮಗುವಿಗೂ ಬರೆದು ಸೊನ್ನೆ ತೆಗೆದ ಮಗುವಿಗೂ ವ್ಯತ್ಯಾಸ ಉಳಿಯುವುದಿಲ್ಲ. `AB` ಎಂದು ಬರೆದರೆ ಅದೇ ಸೂತ್ರ `#VALUE!` ಎಂದು ತೋರಿಸುತ್ತದೆ. ಅದು ಕಿರಿಕಿರಿ ಎಂದು ಅನ್ನಿಸಿದರೂ ಒಳ್ಳೆಯದೇ, ಯಾಕೆಂದರೆ ಆ ಸಾಲಿನ ಬಗ್ಗೆ ಯಾರಾದರೂ ಕೂತು ತೀರ್ಮಾನ ಮಾಡಲೇಬೇಕಾಗುತ್ತದೆ. `AVERAGE` ಮಾತ್ರ ಖಾಲಿ ಕೋಶವನ್ನೂ `AB`ಯನ್ನೂ ಬಿಟ್ಟು ಲೆಕ್ಕ ಹಾಕುತ್ತದೆ. ಹೀಗಾಗಿ ಕೋಶ ಖಾಲಿ ಬಿಟ್ಟರೆ ಒಂದೇ ಹಾಳೆಯಲ್ಲಿ ಆ ಮಗು ಮೊತ್ತದಲ್ಲಿ ಸೊನ್ನೆ ತೆಗೆದಂತೆಯೂ ತರಗತಿ ಸರಾಸರಿಯಲ್ಲಿ ಲೆಕ್ಕಕ್ಕೇ ಇಲ್ಲದಂತೆಯೂ ಆಗುತ್ತದೆ. ಮರುಪರೀಕ್ಷೆ ಕೊಡುವುದಾದರೆ ಅದರ ಅಂಕ ಬರುವವರೆಗೆ `AB` ಹಾಗೇ ಇರಲಿ. ಕೊಡುವುದಿಲ್ಲ ಎಂದಾದರೆ ಆ ಮಗುವಿನ ಉಳಿದ ಪತ್ರಿಕೆಗಳ ವೇಟೇಜ್‌ಗಳನ್ನು ಕೂಡಿ, ಬಂದ ಮೊತ್ತವನ್ನು ಅದರಿಂದ ಭಾಗಿಸಿ ನೂರಕ್ಕೆ ತರಬೇಕು. 20ರ ವೇಟೇಜ್‌ನ ಪರೀಕ್ಷೆ ತಪ್ಪಿಸಿಕೊಂಡ ಮಗುವಿಗೆ ಉಳಿದದ್ದರಲ್ಲಿ 80ಕ್ಕೆ 60 ಬಂದಿದ್ದರೆ ಅಂಕಪಟ್ಟಿಯಲ್ಲಿ ಬರೆಯಬೇಕಾದದ್ದು 75.